ದುಡ್ಡು ಬಂದ ಮೇಲೆ ಕೋಡ್ ಅವರದು

ಬೆಂಗಳೂರಿನ ಸಗಟು ವ್ಯಾಪಾರದ ಕಂಪನಿಯೊಂದಕ್ಕೆ ಗೋದಾಮಿನ ಸ್ಟಾಕ್ ನೋಡಿಕೊಳ್ಳುವ ಆ್ಯಪ್ ಬರೆದುಕೊಡಬೇಕಿತ್ತು. ಅವರ ವಕೀಲರು ಕಳಿಸಿದ ಕರಾರಿನಲ್ಲಿ ಎರಡು ಕಲಮುಗಳ ಮುಂದೆ ನಾನು ನಿಂತುಬಿಟ್ಟೆ. ಡೆವಲಪರ್ ಬರೆಯುವ ಕೋಡಿನ ಸಮಸ್ತ ಹಕ್ಕೂ ಅದು ಹುಟ್ಟಿದ ಕ್ಷಣದಲ್ಲೇ ಕಂಪನಿಗೆ ಸೇರತಕ್ಕದ್ದು ಎಂದು ಒಂದರಲ್ಲಿತ್ತು. ಕೆಲವು ಪುಟ ದಾಟಿದ ಮೇಲೆ, ಕೆಲಸ ಕಂಪನಿಗೆ ತೃಪ್ತಿಯಾದ ನಂತರ ಆಯಾ ಮೈಲ್‌ಸ್ಟೋನಿನ ಹಣ ಕೊಡಲಾಗುವುದು ಎಂದು ಇನ್ನೊಂದರಲ್ಲಿತ್ತು. ಬಿಡಿಯಾಗಿ ಓದಿದರೆ ಎರಡೂ ಸಾಧಾರಣವೇ. ಜೋಡಿಸಿ ಓದಿದರೆ ಮಾತ್ರ, ಕೋಡ್ ಇವತ್ತೇ ಅವರದು, ಹಣ ಅವರ ಮನಸ್ಸು ಒಪ್ಪಿದ ದಿನ ನನ್ನದು ಎಂದಾಗುತ್ತಿತ್ತು.

ಒಟ್ಟು ಮೊತ್ತ 6 ಲಕ್ಷ ರೂಪಾಯಿ. ಮುಂಗಡ 1,20,000. ಲಾಗಿನ್ ಮತ್ತು ಸ್ಟಾಕ್ ನಮೂದಿನ ಭಾಗಕ್ಕೆ 1,20,000. ಬಾರ್‌ಕೋಡ್ ಸ್ಕ್ಯಾನ್ ಮತ್ತು ವರದಿಗಳಿಗೆ 1,80,000. ಆ್ಯಪ್ ಬಳಕೆಗೆ ಬಂದಾಗ ಉಳಿದ 1,80,000. ಈ ಅಂಕಿಗಳ ಬಗ್ಗೆ ತಕರಾರಿರಲಿಲ್ಲ. ಚೌಕಾಸಿ ನಡೆದದ್ದು ಆ ಎರಡು ಕಲಮುಗಳ ಮೇಲೆ.

ಮೊದಲು ಕಾನೂನು ಏನನ್ನುತ್ತದೆ ನೋಡಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, 17ನೇ ಸೆಕ್ಷನ್ ಪ್ರಕಾರ ಮಾಲೀಕನದು. ಫ್ರೀಲಾನ್ಸರ್ ನೌಕರನಲ್ಲ, ಅವನು ಬರೆದ ಕೋಡಿಗೆ ಮೊದಲ ಒಡೆಯ ಅವನೇ. ಆ ಒಡೆತನ ಬೇರೆಯವರಿಗೆ ಹೋಗಬೇಕಾದರೆ 19ನೇ ಸೆಕ್ಷನ್ ಪ್ರಕಾರ ಬರಹದಲ್ಲಿ, ಅವನ ಸಹಿಯೊಂದಿಗೆ ಹೋಗಬೇಕು. ಹಣ ಕೊಟ್ಟ ಮಾತ್ರಕ್ಕೆ ಕೃತಿಸ್ವಾಮ್ಯ ಕಂಪನಿಗೆ ಹೋಗುವುದಿಲ್ಲ. ಹಾಗಾಗಿ ನಮ್ಮ ಸಹಿ ಅವರಿಗೆ ಬೇಕೇ ಬೇಕು. ಅದನ್ನು ಯಾವ ಷರತ್ತಿಗೆ ಹಾಕುತ್ತೇವೆ ಎಂಬುದಷ್ಟೇ ಪ್ರಶ್ನೆ.

ನಿವೇಶನ ಮಾರುವವರು ಪೂರ್ತಿ ಹಣ ಕೈಗೆ ಬರುವ ಮುಂಚೆ ಕ್ರಯಪತ್ರಕ್ಕೆ ಸಹಿ ಹಾಕುವುದಿಲ್ಲ. ನಾನು ಕೇಳಿದ್ದೂ ಅಷ್ಟೇ. ‘ಹುಟ್ಟಿದ ಕ್ಷಣದಲ್ಲೇ’ ಎಂಬುದನ್ನು ತೆಗೆದು, ‘ಆಯಾ ಮೈಲ್‌ಸ್ಟೋನಿನ ಇನ್‌ವಾಯ್ಸ್ ಪೂರ್ತಿ ಪಾವತಿಯಾದೊಡನೆ ಆ ಮೈಲ್‌ಸ್ಟೋನಿನ ಕೋಡಿನ ಹಕ್ಕು ತಾನಾಗಿ ಕಂಪನಿಗೆ ವರ್ಗವಾಗುತ್ತದೆ, ಅಲ್ಲಿಯವರೆಗೆ ಪರೀಕ್ಷೆಗಾಗಿ ಮಾತ್ರ ಬಳಸಲು ಲೈಸೆನ್ಸ್ ಇರುತ್ತದೆ’ ಎಂದು ಸೇರಿಸಿದೆ.

ಕಂಪನಿಯ ಮ್ಯಾನೇಜರ್ ಫೋನ್ ಮಾಡಿದರು. “ನೀವು ಅರ್ಧಕ್ಕೆ ಬಿಟ್ಟುಹೋದರೆ ನಮ್ಮ ಗತಿ ಏನ್ರೀ?”

“ಹಣ ಕೊಟ್ಟ ಭಾಗವೆಲ್ಲ ನಿಮ್ಮದೇ ಆಗಿರುತ್ತೆ ಸರ್. ಬೇರೆಯವರ ಕೈಲಿ ಮುಂದುವರಿಸಬಹುದು.”

ಅವರ ಆತಂಕ ನ್ಯಾಯವಾದದ್ದೇ. ಹಾಗಾಗಿ ಅವರಿಗೆ ಅನುಕೂಲವಾಗುವ ಒಂದು ಸಂಗತಿಯನ್ನೂ ತೋರಿಸಿಕೊಟ್ಟೆ. ಹಕ್ಕಿನ ವರ್ಗಾವಣೆಯಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷವೆಂದೇ ಎಣಿಸುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಬೇರೆ ಮಾತು ಇಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೇ ಹೋದಾಗ ಅದು ರದ್ದಾಗುತ್ತದೆ. ಅವರ ಕರಡಿನಲ್ಲಿ ಈ ಮೂರರ ಬಗ್ಗೆಯೂ ಮಾತಿರಲಿಲ್ಲ. ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಪ್ರಪಂಚದಾದ್ಯಂತ, ಬಳಸದಿದ್ದರೂ ರದ್ದಾಗದಂತೆ ಎಂದು ಸೇರಿಸಿಕೊಳ್ಳಿ ಎಂದೆ. ವಕೀಲರು ನನ್ನ ತಿದ್ದುಪಡಿಯನ್ನು ಒಪ್ಪಿದ್ದು ಅದಾದ ಮೇಲೆ.

ವರ್ಗಾವಣೆಯ ಕಲಮಿನಲ್ಲಿ ಇನ್ನೊಂದು ವಾಕ್ಯ ಅಗತ್ಯವಾಗಿತ್ತು. ಬಾರ್‌ಕೋಡ್ ಲೇಬಲ್ ಮುದ್ರಿಸುವ ಲೈಬ್ರರಿಯನ್ನು ನಾನು ಮುಂಚೆಯೇ ಬರೆದಿಟ್ಟುಕೊಂಡಿದ್ದೆ, ಬೇರೆ ಗ್ರಾಹಕರ ಕೆಲಸದಲ್ಲೂ ಬಳಸುತ್ತಿದ್ದೆ. ‘ಡೆಲಿವರಿಯಲ್ಲಿರುವ ಎಲ್ಲ ಕೋಡ್’ ವರ್ಗವಾದರೆ ಅದೂ ಹೋದಂತೆ. ಮುಂದಿನ ಗ್ರಾಹಕರಿಗೆ ಅದನ್ನು ಕೊಟ್ಟರೆ ನನ್ನದೇ ಲೈಬ್ರರಿಯ ಮೇಲೆ ನಾನೇ ಹಕ್ಕು ಉಲ್ಲಂಘಿಸಿದಂತೆ. ಆದ್ದರಿಂದ ಅನುಬಂಧದಲ್ಲಿ ಅದರ ಹೆಸರು ಬರೆದು, ಒಡೆತನ ನನ್ನದು, ಈ ಆ್ಯಪಿನ ಭಾಗವಾಗಿ ಬಳಸಲು, ತಿದ್ದಲು ಕಂಪನಿಗೆ ಶಾಶ್ವತ ಲೈಸೆನ್ಸ್ ಎಂದೆವು. ಓಪನ್ ಸೋರ್ಸ್ ಪ್ಯಾಕೇಜುಗಳನ್ನು ಬೇರೆ ಪಟ್ಟಿ ಮಾಡಿದೆವು. ನಮ್ಮದಲ್ಲದ್ದನ್ನು ನಾವು ವರ್ಗ ಮಾಡಿಕೊಡಲಾಗದು.

ಇನ್ನು ಒಪ್ಪಿಗೆಯ ಕಲಮು. ‘ತೃಪ್ತಿ’ಗೆ ಅಳತೆಯಿಲ್ಲ, ಗಡುವೂ ಇಲ್ಲ. ಅದರ ಜಾಗದಲ್ಲಿ ಪ್ರತಿ ಮೈಲ್‌ಸ್ಟೋನಿಗೂ ಹೌದು-ಇಲ್ಲ ಎಂದು ಉತ್ತರಿಸಬಹುದಾದ ಪರೀಕ್ಷೆಗಳನ್ನು ಬರೆದೆ. ಎರಡನೆಯ ಮೈಲ್‌ಸ್ಟೋನಿನಲ್ಲಿ, ಆಂಡ್ರಾಯ್ಡ್ ಫೋನಿನ ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿದರೆ ಸರಕಿನ ಹೆಸರು ಮತ್ತು ಉಳಿಕೆ ಕಾಣಬೇಕು. ದಿನದ ಒಳಬರುವ-ಹೊರಹೋಗುವ ವರದಿ ಪಿಡಿಎಫ್ ಆಗಿ ಇಳಿಯಬೇಕು. ಡೆಲಿವರಿ ಎಂದರೇನು ಎಂಬುದನ್ನೂ ಹೇಳಿದೆವು: ಪರೀಕ್ಷಾ ಸರ್ವರಿನಲ್ಲಿ ಆ್ಯಪ್ ಓಡಬೇಕು, ಕೋಡಿಗೆ ಟ್ಯಾಗ್ ಬೀಳಬೇಕು, ಇಮೇಲ್ ಹೋಗಬೇಕು.

```
git tag -a m2-delivery -m "Milestone 2"
git push origin m2-delivery
```

ಈ ಟ್ಯಾಗ್ ಎರಡು ಕೆಲಸ ಮಾಡುತ್ತದೆ. ಪರೀಕ್ಷಿಸಬೇಕಾದ ಕೋಡ್ ಯಾವುದು, ಹಣ ಬಂದಾಗ ವರ್ಗವಾಗುವ ಕೋಡ್ ಯಾವುದು, ಎರಡಕ್ಕೂ ಗುರುತು ಒಂದೇ. ವರ್ಗವಾಗುವ ಕೃತಿ ಯಾವುದೆಂದು ಬರಹದಲ್ಲಿ ಗುರುತಿಸಬೇಕು ಎಂದು 19ನೇ ಸೆಕ್ಷನ್ ಹೇಳುವುದನ್ನೂ ಇದು ಪೂರೈಸುತ್ತದೆ.

ಡೆಲಿವರಿಯಾದ 10 ಕೆಲಸದ ದಿನಗಳೊಳಗೆ ಯಾವ ಪರೀಕ್ಷೆ ಏಕೆ ವಿಫಲವಾಯಿತೆಂದು ಕಂಪನಿ ಬರೆದು ತಿಳಿಸಬೇಕು. ತಿಳಿಸದಿದ್ದರೆ, ಅಥವಾ ಆ್ಯಪನ್ನು ನಿಜವಾದ ವ್ಯವಹಾರಕ್ಕೆ ಬಳಸತೊಡಗಿದರೆ, ಒಪ್ಪಿದಂತೆಯೇ. ಪಟ್ಟಿಯಲ್ಲಿರುವುದು ಕೆಟ್ಟರೆ ದೋಷ, ಪುಕ್ಕಟೆ ಸರಿಪಡಿಸುತ್ತೇನೆ. ಪಟ್ಟಿಯಲ್ಲಿಲ್ಲದ್ದು ಹೊಸ ಬೇಡಿಕೆ, ಅದಕ್ಕೆ ಬೇರೆ ದರ.

ಇದು ಪರೀಕ್ಷೆಗೆ ಬಂದದ್ದು ಎರಡನೆಯ ಮೈಲ್‌ಸ್ಟೋನಿನಲ್ಲೇ. ಗಡುವು ಕಳೆದರೂ ಅತ್ತಲಿಂದ ಸದ್ದಿರಲಿಲ್ಲ. ಕಲಮಿನ ಸಂಖ್ಯೆ, ಟ್ಯಾಗ್, ಡೆಲಿವರಿ ಇಮೇಲಿನ ದಿನಾಂಕ ನಮೂದಿಸಿ 1,80,000ದ ಇನ್‌ವಾಯ್ಸ್ ಕಳಿಸಿದೆ. ಆಗ ಉತ್ತರ ಬಂತು: “ವರದಿ ಎಕ್ಸೆಲ್‌ನಲ್ಲೂ ಬೇಕು, ಅದಾದ ಮೇಲೆ ಪೇಮೆಂಟ್.” ಪಟ್ಟಿಯಲ್ಲಿ ಪಿಡಿಎಫ್ ಮಾತ್ರ ಇರುವುದನ್ನು ತೋರಿಸಿ, ಎಕ್ಸೆಲ್‌ಗೆ 25,000ದ ಪ್ರತ್ಯೇಕ ಅಂದಾಜು ಕೊಟ್ಟೆ. ಮಾತು ಬೆಳೆಯಲಿಲ್ಲ. ಮೈಲ್‌ಸ್ಟೋನಿನ ಹಣ ಮೊದಲು ಬಂತು, ಎಕ್ಸೆಲ್ ಕೆಲಸದ ಆರ್ಡರ್ ಅದರ ಹಿಂದೆ ಬಂತು.

ಗ್ರಾಹಕರು ಭಾರತದವರಾಗಿದ್ದರೆ ಇನ್ನೊಂದು ಬೆಂಬಲವಿದೆ. ಉದ್ಯಮ್ ನೋಂದಣಿ ಇರುವ ಫ್ರೀಲಾನ್ಸರ್‌ಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಅನ್ವಯಿಸುತ್ತದೆ. ಡೆಲಿವರಿಯಾದ 15 ದಿನಗಳೊಳಗೆ ಲಿಖಿತ ಆಕ್ಷೇಪ ಬರದಿದ್ದರೆ, ಡೆಲಿವರಿಯ ದಿನವೇ ಒಪ್ಪಿದಂತೆ ಎಂದು ಆ ಕಾಯ್ದೆಯೇ ಹೇಳುತ್ತದೆ. ಕರಾರಿನಲ್ಲಿ ಏನೇ ಬರೆದಿದ್ದರೂ ಪಾವತಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿಯನ್ನು ಕರಾರಿಗೆ ಸಹಿ ಹಾಕುವ ಮುಂಚೆಯೇ ಮಾಡಿಸಿಕೊಳ್ಳುವುದು ಸುರಕ್ಷಿತ.

ಕೋಡಿನ ಒಡೆತನ ನಮ್ಮಲ್ಲಿ ಉಳಿದರೆ ಹಣ ತಾನಾಗಿ ಬರುತ್ತದೆ ಎಂದಲ್ಲ. ಹಣ ಕೊಡದೆ ಆ್ಯಪ್ ಬಳಸುವವರು ಬರೀ ಸಾಲಗಾರರಾಗಿ ಉಳಿಯದೆ ಕೃತಿಸ್ವಾಮ್ಯ ಉಲ್ಲಂಘಿಸಿದವರೂ ಆಗುತ್ತಾರೆ, ಅಷ್ಟೇ. ಆದರೆ ಸಿಟ್ಟಿಗೆದ್ದು ಅವರ ಸರ್ವರಿಗೆ ನುಗ್ಗಿ ಆ್ಯಪ್ ಬಂದ್ ಮಾಡಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಆಗ ನಿಮ್ಮ ಮೇಲೇ ತಿರುಗುತ್ತದೆ. ನೋಟಿಸ್ ಕಳಿಸಿ.

ಮುಂದಿನ ಕರಾರು ಕೈಗೆ ಬಂದಾಗ ಈ ಎರಡು ಕಲಮುಗಳನ್ನು ಅಕ್ಕಪಕ್ಕ ಇಟ್ಟು ಓದಿ. ಡೆಲಿವರಿ, ಒಪ್ಪಿಗೆ, ಇನ್‌ವಾಯ್ಸ್, ಪಾವತಿ, ಹಕ್ಕಿನ ವರ್ಗಾವಣೆ: ಇದೇ ಕ್ರಮದಲ್ಲಿದ್ದರೆ ಸಹಿ ಹಾಕಿ. ವರ್ಗಾವಣೆ ಪಾವತಿಗಿಂತ ಮುಂಚೆ ಬಂದಿದ್ದರೆ, ಪೆನ್ನು ಎತ್ತುವ ಮೊದಲು ಆ ವಾಕ್ಯ ತಿದ್ದಿಸಿ.