ಗಿಡ್ಡ ಬೆರಳಿಗೆ ಉದ್ದನೆಯ ಹರಳು

ನೀವು ಕೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ನೇರ ಮೇಲಿನಿಂದ ಫೋಟೊ ತೆಗೆದದ್ದು ಒಳ್ಳೆಯದಾಯಿತು. ಓರೆಯಾಗಿ ತೆಗೆದಿದ್ದರೆ ಬೆರಳಿನ ನಿಜವಾದ ಉದ್ದ ತಿಳಿಯುತ್ತಿರಲಿಲ್ಲ. ನಿಮ್ಮದು ಅಗಲವಾದ ಹಸ್ತ, ಗಿಡ್ಡ ಬೆರಳು, ಗೆಣ್ಣು ದಪ್ಪ. ನೀವು ಆಸೆಪಟ್ಟಿರುವ ಅಗಲ ಪಟ್ಟಿಯ ಉಂಗುರ ಬೆರಳಿನ ಸಾಕಷ್ಟು ಭಾಗವನ್ನು ಮುಚ್ಚಿ, ಅದನ್ನು ಇನ್ನಷ್ಟು ಗಿಡ್ಡವಾಗಿ ತೋರಿಸುತ್ತದೆ, ಅದು ಬೇಡ. ಸುಮಾರು 2 ಮಿಲಿಮೀಟರ್ ಅಗಲದ ತೆಳು ಪಟ್ಟಿಯ ಮೇಲೆ, ಬೆರಳಿನುದ್ದಕ್ಕೆ ಕೂರಿಸಿದ ಮೊಟ್ಟೆಯಾಕಾರದ ಹರಳು ನಿಮಗೆ ಒಪ್ಪುತ್ತದೆ. ಹರಳಿನ ಎರಡೂ ಬದಿಗೆ ಸ್ವಲ್ಪ ಚರ್ಮ ಕಾಣುವಂತಿರಲಿ.

ಗೆಣ್ಣು ದಾಟುವ ಅಳತೆಯ ಉಂಗುರ ಬುಡದಲ್ಲಿ ಸಡಿಲವಾಗಿ, ಹರಳು ಪಕ್ಕಕ್ಕೆ ವಾಲುತ್ತದೆ. ಅದಕ್ಕೆ ಉಂಗುರದ ಕೆಳಭಾಗದ ಒಳಬದಿಯಲ್ಲಿ ಎರಡು ಸಣ್ಣ ಗುಂಡು ಬೆಸೆದುಕೊಡಲು ಅಕ್ಕಸಾಲಿಗರಿಗೆ ಹೇಳಿ. ಅಳತೆಯನ್ನು ಮಾತ್ರ ಫೋಟೊ ನೋಡಿ ಹೇಳಲಾಗದು. ಸಂಜೆ ಹೊತ್ತು ಅಂಗಡಿಗೆ ಹೋಗಿ, ಬೆರಳಿಗೇ ತೊಟ್ಟು ನೋಡಿ.