ಭಂಗಪರೀಕ್ಷೆ: ಬೇಕೆಂದೇ ಕೆಡಿಸಿ ನೋಡುವ ವಿಧಾನ

2008ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆಯ ಗಣಕಯಂತ್ರಗಳಲ್ಲಿದ್ದ ದತ್ತಾಂಶ ಭಂಡಾರವೊಂದು ಕೆಟ್ಟುಹೋಯಿತು. ಆ ಸಂಸ್ಥೆಯು ಆಗ ಚಲನಚಿತ್ರಗಳ ಡಿವಿಡಿ ತಟ್ಟೆಗಳನ್ನು ಅಂಚೆಯ ಮೂಲಕ ಚಂದಾದಾರರ ಮನೆಗಳಿಗೆ ತಲುಪಿಸುತ್ತಿದ್ದಿತು. ಭಂಡಾರ ಕೆಟ್ಟ ಕಾರಣ ಮೂರು ದಿನಗಳ ಕಾಲ ತಟ್ಟೆಗಳನ್ನು ಕಳುಹಿಸುವುದೇ ನಿಂತುಹೋಯಿತು. ಒಂದೇ ಕಂಬದ ಮೇಲೆ ಮನೆಯ ಭಾರವನ್ನೆಲ್ಲ ಹೊರಿಸಿದ್ದರ ಫಲವಿದೆಂದು ತಿಳಿದ ಅಲ್ಲಿನ ತಂತ್ರಜ್ಞರು, ತಮ್ಮ ಕಾರ್ಯಭಾರವನ್ನು ಅಮೆಜಾನ್ ಸಂಸ್ಥೆಯು ಬಾಡಿಗೆಗೆ ಕೊಡುವ ಅಸಂಖ್ಯ ಸಣ್ಣ ಸರ್ವರುಗಳ ಮೇಲೆ ಹಂಚಲು ನಿಶ್ಚಯಿಸಿದರು.

ಈ ಹಂಚಿಕೆಯಿಂದ ಒಂದು ತೊಡಕು ಕಳೆದು ಇನ್ನೊಂದು ತಲೆದೋರಿತು. ಒಂದು ದೊಡ್ಡ ಯಂತ್ರವು ಕೆಡುವುದು ಎಂದೋ ಒಮ್ಮೆ. ಸಾವಿರಾರು ಸಣ್ಣ ಯಂತ್ರಗಳಿರುವಲ್ಲಿ ಯಾವುದಾದರೊಂದು ಕೆಡುವುದು ನಿತ್ಯದ ಮಾತು. ಆದುದರಿಂದ ಯಾವ ಸರ್ವರು ಯಾವ ಗಳಿಗೆಯಲ್ಲಿ ಮಾಯವಾದರೂ ಉಳಿದವು ಅದರ ಕೆಲಸವನ್ನು ವಹಿಸಿಕೊಳ್ಳುವಂತೆ ತಂತ್ರಾಂಶವನ್ನು ರಚಿಸಬೇಕೆಂಬ ನಿಯಮವಾಯಿತು. ನಿಯಮವೇನೋ ಕಾಗದದ ಮೇಲೆ ಚೆನ್ನಾಗಿಯೇ ಇದ್ದಿತು. ಎಲ್ಲರೂ ಅದನ್ನು ಪಾಲಿಸಿರುವರೋ ಇಲ್ಲವೋ ಎಂಬುದನ್ನು ತಿಳಿಯುವ ಬಗೆ ಯಾವುದು? ಯಂತ್ರವು ತಾನಾಗಿ ಕೆಡುವವರೆಗೆ ಕಾದರೆ, ಅದು ನಡುರಾತ್ರಿಯಲ್ಲಿಯೋ ಹಬ್ಬದ ದಿನದಲ್ಲಿಯೋ ಕೆಡುವುದು ಹೆಚ್ಚು.

ಇದಕ್ಕೆ ಉತ್ತರವಾಗಿ 2010ರ ಸುಮಾರಿಗೆ ಅವರು ‘ಕೇಯಾಸ್ ಮಂಕಿ’ ಎಂಬ ತಂತ್ರಾಂಶವನ್ನು ರಚಿಸಿದರು. ಯಂತ್ರಾಗಾರದೊಳಕ್ಕೆ ಕೋತಿಯೊಂದನ್ನು ನುಗ್ಗಿಸಿ, ಅದು ಕೈಗೆ ಸಿಕ್ಕಿದ ತಂತಿಯನ್ನು ಕಿತ್ತೆಸೆದರೆ ಏನಾದೀತೆಂಬ ಕಲ್ಪನೆಯಿಂದ ಬಂದ ಹೆಸರಿದು. ಈ ತಂತ್ರಾಂಶವು ಕೆಲಸ ಮಾಡುತ್ತಿರುವ ಸರ್ವರುಗಳಲ್ಲಿ ಯಾವುದಾದರೊಂದನ್ನು ಯದೃಚ್ಛೆಯಾಗಿ ಆರಿಸಿ ನಿಲ್ಲಿಸಿಬಿಡುತ್ತದೆ. ಮಂಗನ ಕೈಗೆ ಮಾಣಿಕ್ಯವನ್ನು ಕೊಡಬಾರದೆಂಬ ಗಾದೆಯುಂಟು. ಇಲ್ಲಿ ತಿಳಿದೂ ತಿಳಿದೂ ಕೊಟ್ಟಿದ್ದಾರೆ. ಆದರೆ ಕೊಡುವ ಸಮಯವನ್ನು ಮಾತ್ರ ವಿವೇಕದಿಂದ ಗೊತ್ತುಮಾಡಿದ್ದಾರೆ. ಕೋತಿಯ ಆಟವೆಲ್ಲ ವಾರದ ಕೆಲಸದ ದಿನಗಳಲ್ಲಿ, ಹಗಲು ಹೊತ್ತಿನಲ್ಲಿ, ತಂತ್ರಜ್ಞರೆಲ್ಲರೂ ತಮ್ಮ ಸ್ಥಾನಗಳಲ್ಲಿರುವಾಗಲೇ ನಡೆಯತಕ್ಕದ್ದು. ರಾತ್ರಿ ಎರಡು ಗಂಟೆಗೆ ಆಗಬಹುದಾದ ಕೇಡನ್ನು ಮಧ್ಯಾಹ್ನಕ್ಕೆ ಎಳೆದುತಂದು, ಕಣ್ಣೆದುರಿಗೆ ಸಂಭವಿಸುವಂತೆ ಮಾಡುವುದೇ ಇದರ ಮರ್ಮ.

ಈ ವಿದ್ಯೆಗೆ ಇಂಗ್ಲಿಷಿನಲ್ಲಿ ‘ಕೇಯಾಸ್ ಎಂಜಿನಿಯರಿಂಗ್’ ಎಂಬ ಹೆಸರು ರೂಢಿಯಾಗಿದೆ. ‘ಕೇಯಾಸ್’ ಎಂಬುದು ಗ್ರೀಕ್ ಮೂಲದ ಪದ. ಮೊದಲಿಗೆ ಬಾಯ್ದೆರೆದ ಕಂದರವೆಂಬ ಅರ್ಥವಿದ್ದು, ಬರಬರುತ್ತ ಅವ್ಯವಸ್ಥೆ ಎಂಬ ಅರ್ಥಕ್ಕೆ ತಿರುಗಿತು. ಹೆಸರು ಅಷ್ಟು ಯುಕ್ತವಾಗಿಲ್ಲವೆಂದೇ ಹೇಳಬೇಕು. ಇಲ್ಲಿ ಅವ್ಯವಸ್ಥೆಯನ್ನು ಯಾರೂ ನಿರ್ಮಿಸುವುದಿಲ್ಲ. ವ್ಯವಸ್ಥೆಯೊಳಗೆ ಮೊದಲೇ ಅಡಗಿರುವ ದೋಷವನ್ನು ಅಳತೆಯಿಟ್ಟು ಹೊರಗೆಳೆಯುತ್ತಾರೆ. ಕನ್ನಡದಲ್ಲಿ ಇದನ್ನು ಭಂಗಪರೀಕ್ಷೆ ಎಂದು ಕರೆದರೆ ಅರ್ಥ ಸುಗಮವಾದೀತು.

ಕೋತಿಯ ಪರೀಕ್ಷೆಗೆ ಒಂದು ಮಿತಿಯಿದ್ದಿತು. ಅದು ಒಂದೊಂದೇ ಸರ್ವರನ್ನು ಕೊಲ್ಲಬಲ್ಲದು. 2012ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ, ಅಮೆಜಾನಿನ ಪೂರ್ವ ಅಮೆರಿಕದ ಪ್ರಾಂತದಲ್ಲಿ ನಿರ್ವಹಣೆಯ ಕಾರ್ಯವೊಂದು ಅಕಸ್ಮಾತ್ತಾಗಿ, ಬಂದ ಕೋರಿಕೆಗಳನ್ನು ಸರ್ವರುಗಳಿಗೆ ಹಂಚುವ ಸಾಧನದ ವಿವರಗಳನ್ನೇ ಅಳಿಸಿಹಾಕಿತು. ಸರ್ವರುಗಳು ಜೀವಂತವಾಗಿದ್ದರೂ ಅವುಗಳ ಬಾಗಿಲಿಗೆ ಜನರನ್ನು ಕರೆತರುವವರಿಲ್ಲದಂತಾಯಿತು. ಹಬ್ಬದ ಸಂಜೆ ಚಿತ್ರ ನೋಡಲು ಕುಳಿತ ಅನೇಕ ಕುಟುಂಬಗಳಿಗೆ ನೆಟ್‌ಫ್ಲಿಕ್ಸ್ ದೊರೆಯಲಿಲ್ಲ. ಇದಾದ ಮೇಲೆ ಆ ಸಂಸ್ಥೆಯವರು ಒಂದು ಪ್ರಾಂತ ಪೂರ್ತಿಯಾಗಿ ಹೋದರೂ ಇನ್ನೊಂದು ಪ್ರಾಂತವು ಅದರ ಜನಭಾರವನ್ನು ಹೊರುವಂತೆ ಏರ್ಪಾಟು ಮಾಡಿ, ಪ್ರಾಂತವೊಂದರ ಸಂಚಾರವನ್ನೆಲ್ಲ ಬೇರೆಡೆಗೆ ತಿರುಗಿಸುವ ಅಭ್ಯಾಸವನ್ನು ಮತ್ತೆ ಮತ್ತೆ ನಡೆಸತೊಡಗಿದರು. ಆ ಅಭ್ಯಾಸಕ್ಕೆ ‘ಕೇಯಾಸ್ ಕಾಂಗ್’ ಎಂದು ಹೆಸರು. ಕೋತಿ ಬೆಳೆದು ದೈತ್ಯ ವಾನರವಾಯಿತು. 2015ರ ಸೆಪ್ಟೆಂಬರ್ 20ರಂದು ಅದೇ ಪೂರ್ವ ಪ್ರಾಂತದಲ್ಲಿ ಅಮೆಜಾನಿನ ಮುಖ್ಯ ಸೇವೆಗಳು ಕುಸಿದಾಗ ನೆಟ್‌ಫ್ಲಿಕ್ಸ್‌ಗೆ ಸ್ವಲ್ಪ ಹೊತ್ತು ಮಾತ್ರ ತೊಂದರೆಯಾಯಿತು.

ಇಷ್ಟರಿಂದ ಯಂತ್ರ ಸಾಯುವುದೇ ಮುಖ್ಯ ಅಪಾಯವೆಂದು ತೋರಬಹುದು. ವಾಸ್ತವದಲ್ಲಿ ಸತ್ತ ಯಂತ್ರಕ್ಕಿಂತ ನಿಧಾನವಾದ ಯಂತ್ರವೇ ಹೆಚ್ಚು ಅನರ್ಥಕಾರಿ. ಮುಚ್ಚಿದ ಅಂಗಡಿಯ ಮುಂದೆ ಯಾರೂ ನಿಲ್ಲುವುದಿಲ್ಲ. ಬಾಗಿಲು ತೆರೆದಿದ್ದು ಒಳಗಿರುವವನು ಮಾತನಾಡದಿದ್ದರೆ ಸಾಲು ಬೀದಿಯವರೆಗೆ ಬೆಳೆಯುತ್ತದೆ. ಇದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ.

ಚಿತ್ರಗಳ ಪುಟವನ್ನು ಸಿದ್ಧಪಡಿಸಿ ಕೊಡುವ ಸರ್ವರೊಂದಕ್ಕೆ ಪ್ರತಿ ಸೆಕೆಂಡಿಗೆ 100 ಕೋರಿಕೆಗಳು ಬರುತ್ತವೆಂದಿಟ್ಟುಕೊಳ್ಳಬೇಕು. ಅದು ಏಕಕಾಲಕ್ಕೆ 40 ಕೋರಿಕೆಗಳನ್ನು ಮಾತ್ರ ಕೈಯಲ್ಲಿ ಹಿಡಿಯಬಲ್ಲದು. ಪ್ರತಿಯೊಂದು ಕೋರಿಕೆಗೂ ಅದು ‘ಗುರುತುಸೇವೆ’ಯನ್ನು ಒಮ್ಮೆ ಕೇಳಬೇಕು, ಪ್ರೇಕ್ಷಕನು ಹಿಂದಿನ ದಿನ ಚಿತ್ರವನ್ನು ಎಲ್ಲಿಗೆ ನಿಲ್ಲಿಸಿದ್ದನೆಂದು ಹೇಳುವುದಷ್ಟೇ ಆ ಸೇವೆಯ ಕೆಲಸ. ಉತ್ತರ ಬರಲು ಸೆಕೆಂಡಿನ ಐವತ್ತನೆಯ ಒಂದು ಭಾಗ ಸಾಕು. ಆಗ ಯಾವ ಕ್ಷಣದಲ್ಲಿ ನೋಡಿದರೂ ಸರಾಸರಿ 2 ಕೋರಿಕೆಗಳು ಮಾತ್ರ ಕಾಯುತ್ತಿರುತ್ತವೆ. 38 ಸ್ಥಾನಗಳು ಬಿಡುವಾಗಿರುತ್ತವೆ. ಈಗ ಗುರುತುಸೇವೆ ಸಾಯದೆ, ಉತ್ತರ ಕೊಡಲು 2 ಸೆಕೆಂಡು ತೆಗೆದುಕೊಳ್ಳತೊಡಗಿತೆನ್ನೋಣ. ಸೆಕೆಂಡಿಗೆ 100ರಂತೆ 2 ಸೆಕೆಂಡು ಕಾಯುವ ಕೋರಿಕೆಗಳಿಗೆ 200 ಸ್ಥಾನಗಳು ಬೇಕು, ಇರುವುದು 40. ಅರ್ಧ ಸೆಕೆಂಡು ಕಳೆಯುವುದರೊಳಗೆ 40 ಸ್ಥಾನಗಳೂ ತುಂಬಿಹೋಗುತ್ತವೆ. ಅಲ್ಲಿಂದ ಮುಂದೆ ಬರುವ ಕೋರಿಕೆಗಳು ಹೊರಗೇ ನಿಲ್ಲುತ್ತವೆ. ಪುಟ ಬಾರದುದನ್ನು ಕಂಡ ಪ್ರೇಕ್ಷಕನ ಯಂತ್ರವು ಮತ್ತೆ ಮತ್ತೆ ಕೇಳತೊಡಗಿದರೆ 100 ಎಂಬುದು 300 ಆಗುತ್ತದೆ. ಚಿತ್ರ ಎಲ್ಲಿ ನಿಂತಿತ್ತೆಂದು ಹೇಳುವ ಅಲ್ಪಸೇವೆಯೊಂದು ತಡಮಾಡಿದ್ದಕ್ಕೆ ಚಿತ್ರಶಾಲೆಯೇ ಮುಚ್ಚಿದಂತಾಯಿತು.

ಪರಿಹಾರವು ಸರಳವೆಂದು ತೋರುತ್ತದೆ. ಗುರುತುಸೇವೆಗಾಗಿ ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಯಬಾರದೆಂದು ಅವಧಿ ಗೊತ್ತುಮಾಡಿದರೆ, ಕಾಯುವವು 20ಕ್ಕೆ ಮೀರವು. ಇನ್ನು 20 ಸ್ಥಾನಗಳು ಬಿಡುವಾಗಿ ಉಳಿಯುತ್ತವೆ. ಅವಧಿ ಮೀರಿದಾಗ ಚಿತ್ರವನ್ನು ಮೊದಲಿನಿಂದ ತೋರಿಸಿದರಾಯಿತು. ಪ್ರೇಕ್ಷಕನಿಗೆ ಕೊಂಚ ಬೇಸರವಾದೀತೇ ಹೊರತು ಚಿತ್ರವೇ ತಪ್ಪುವುದಿಲ್ಲ. ಆದರೆ ಈ ಬದಲಿ ದಾರಿಯಲ್ಲಿ ಯಾರೂ ದಿನನಿತ್ಯ ನಡೆಯುವುದಿಲ್ಲವಷ್ಟೆ. ನಡೆಯದ ದಾರಿಯಲ್ಲಿ ಮುಳ್ಳು ಬೆಳೆಯುತ್ತದೆ. ಅವಧಿಯನ್ನು ಬರೆಯುವಾಗ ಒಬ್ಬರು ಸೊನ್ನೆಯೊಂದನ್ನು ಹೆಚ್ಚಾಗಿ ಹಾಕಿರಬಹುದು. ಆರು ತಿಂಗಳ ಅನಂತರ ಮತ್ತೊಬ್ಬರು 40 ಸ್ಥಾನಗಳನ್ನು 15ಕ್ಕೆ ಇಳಿಸಿರಬಹುದು. ತಂತ್ರಾಂಶವನ್ನು ಓದಿದವರಿಗೆ ಇದು ಕಾಣುವುದಿಲ್ಲ, ಏಕೆಂದರೆ ಎರಡು ಸಂಖ್ಯೆಗಳು ಎರಡು ಬೇರೆ ಕಡೆಗಳಲ್ಲಿರುತ್ತವೆ.

ಆದುದರಿಂದ ನಿಧಾನವನ್ನೇ ಬೇಕೆಂದು ಹುಟ್ಟಿಸಿ ನೋಡಬೇಕಾಗುತ್ತದೆ. ಇದಕ್ಕೆ ಮೊದಲು ಸೇವೆಯ ಆರೋಗ್ಯವನ್ನು ಸೂಚಿಸುವ ಒಂದು ನಾಡಿಯನ್ನು ಆರಿಸಿಕೊಳ್ಳುತ್ತಾರೆ. ನೆಟ್‌ಫ್ಲಿಕ್ಸ್‌ನವರು ಆರಿಸಿದ್ದು ಪ್ರತಿ ಸೆಕೆಂಡಿಗೆ ಎಷ್ಟು ಜನ ಚಿತ್ರ ನೋಡಲು ಆರಂಭಿಸುತ್ತಾರೆಂಬ ಸಂಖ್ಯೆಯನ್ನು. ಯಂತ್ರ ಎಷ್ಟು ಬಿಸಿಯಾಗಿದೆ, ಎಷ್ಟು ತುಂಬಿದೆ ಎಂಬುದಕ್ಕಿಂತ ಇದೇ ಮೇಲು. ಜನಕ್ಕೆ ಬೇಕಾದುದು ಸಿಕ್ಕಿತೋ ಇಲ್ಲವೋ ಎಂಬುದು ಇದರಿಂದ ನೇರವಾಗಿ ತಿಳಿಯುತ್ತದೆ. ಬಳಿಕ, ಗುರುತುಸೇವೆ ತಡವಾದರೂ ಈ ಸಂಖ್ಯೆ ಕುಂದದೆಂಬ ಪ್ರತಿಜ್ಞೆಯನ್ನು ಮುಂದಾಗಿಯೇ ಬರೆದಿಡುತ್ತಾರೆ. ಪ್ರೇಕ್ಷಕರಲ್ಲಿ ನೂರಕ್ಕೊಬ್ಬರಂತಹ ಸಣ್ಣ ಪಾಲನ್ನು ಆರಿಸಿ ಅವರ ಕೋರಿಕೆಗಳಿಗೆ ಮಾತ್ರ ತಡವನ್ನು ಸೇರಿಸಿ, ಅಷ್ಟೇ ಗಾತ್ರದ ಇನ್ನೊಂದು ಪಾಲನ್ನು ಮುಟ್ಟದೆ ಬಿಟ್ಟು, ಎರಡನ್ನೂ ಹೋಲಿಸುತ್ತಾರೆ. ಹಾಗೆ ಹೋಲಿಸದಿದ್ದರೆ, ಸಂಜೆಯಾದುದರಿಂದ ಸಂಖ್ಯೆ ಏರಿತೋ ಪರೀಕ್ಷೆಯಿಂದ ಇಳಿಯಿತೋ ತಿಳಿಯಲಾಗದು. ಅಂತರ ಗೊತ್ತಾದ ಮಿತಿಯನ್ನು ದಾಟಿದೊಡನೆ ಪರೀಕ್ಷೆ ತಾನಾಗಿ ನಿಲ್ಲಬೇಕು. ನಿಲ್ಲಿಸುವ ದಾರಿ ಸಿದ್ಧವಿಲ್ಲದೆ ಆರಂಭಿಸಿದ್ದನ್ನು ಪರೀಕ್ಷೆಯೆನ್ನಲಾಗದು, ಕೇಡೆಂದೇ ಕರೆಯಬೇಕು. ಹಾಗೆಯೇ, ತಡೆಯಲಾರದೆಂದು ಮೊದಲೇ ಗೊತ್ತಿರುವ ಭಾಗವನ್ನು ಒಡೆದು ನೋಡುವುದೂ ವ್ಯರ್ಥ. ಅದನ್ನು ರಿಪೇರಿ ಮಾಡಿದ ಮೇಲೆ ಪರೀಕ್ಷೆಗೆ ಕೈಹಾಕತಕ್ಕದ್ದು.

ಯಂತ್ರಗಳಿಗೆ ಇಷ್ಟಾದರೆ, ಯಂತ್ರಗಳನ್ನು ನೋಡಿಕೊಳ್ಳುವ ಮನುಷ್ಯರ ಪರೀಕ್ಷೆಗೆ ‘ಗೇಮ್ ಡೇ’ ಎಂದು ಹೆಸರು. ಅಮೆರಿಕದ ಆಟಗಾರರು ಪಂದ್ಯದ ದಿನಕ್ಕೆ ಹೇಳುವ ಮಾತಿದು. 2000ದ ದಶಕದ ಮೊದಲ ಭಾಗದಲ್ಲಿ ಅಮೆಜಾನಿನಲ್ಲಿ ಇದನ್ನು ಆರಂಭಿಸಿದವರು ಜೆಸ್ಸಿ ರಾಬಿನ್ಸ್ ಎಂಬವರು. ಅವರು ಅಗ್ನಿಶಾಮಕ ಶಿಕ್ಷಣ ಪಡೆದವರಾಗಿದ್ದರು. ಬೆಂಕಿ ಆರಿಸುವವರು ಬೆಂಕಿ ಬೀಳುವ ಮೊದಲೇ ಏಣಿ ಹತ್ತಿ, ನೀರಿನ ಕೊಳವೆ ಹಿಡಿದು ಅಭ್ಯಾಸ ಮಾಡುತ್ತಾರೆಂಬುದನ್ನು ಅವರು ಗಣಕಶಾಲೆಗೆ ತಂದರು. ಆ ದಿನ ಒಂದಿಬ್ಬರು ಮಾತ್ರ ಕೇಡಿನ ಸ್ವರೂಪವನ್ನು ಬಲ್ಲವರು. ಒಬ್ಬರು ಗಡಿಯಾರ ನೋಡುತ್ತ ನಡೆದುದೆಲ್ಲವನ್ನೂ ಬರೆದಿಡುತ್ತಾರೆ. ಒಬ್ಬರಿಗೆ ಎಲ್ಲವನ್ನೂ ನಿಲ್ಲಿಸುವ ಅಧಿಕಾರವಿರುತ್ತದೆ. ಉಳಿದವರು ನಿಜವಾದ ಕೇಡೆಂಬಂತೆಯೇ ದುಡಿಯುತ್ತಾರೆ. ಆಗ ಹೊರಬೀಳುವ ದೋಷಗಳು ಬಹುಮಟ್ಟಿಗೆ ಯಂತ್ರದವಲ್ಲ: ಎಚ್ಚರಿಕೆಯ ಕರೆ ಕೆಲಸ ಬಿಟ್ಟುಹೋದವರ ದೂರವಾಣಿಗೆ ಹೋಗುತ್ತದೆ, ಮಾರ್ಗದರ್ಶಿ ಪುಸ್ತಕದಲ್ಲಿ ಹೆಸರಿಸಿದ ಸರ್ವರು ಎರಡು ವರ್ಷದ ಹಿಂದೆಯೇ ಇಲ್ಲವಾಗಿರುತ್ತದೆ, ರಿಪೇರಿಗೆ ಬೇಕಾದ ಉಪಕರಣವು ಕೆಟ್ಟುನಿಂತ ಯಂತ್ರದೊಳಗೇ ಇರುತ್ತದೆ.

ಈ ಕೊನೆಯ ದೋಷ ಎಂತಹುದೆಂಬುದು 2021ರ ಅಕ್ಟೋಬರ್ 4ರಂದು ಕಂಡಿತು. ಫೇಸ್‌ಬುಕ್ ಸಂಸ್ಥೆಯ ಕೇಂದ್ರಗಳನ್ನೆಲ್ಲ ಬೆಸೆಯುವ ಮುಖ್ಯ ಜಾಲದ ನಿರ್ವಹಣೆಯ ವೇಳೆ ಕೊಟ್ಟ ಆಜ್ಞೆಯೊಂದು, ಜಾಲದ ಎಲ್ಲ ಸಂಪರ್ಕಗಳನ್ನೂ ಕಡಿದುಹಾಕಿತು. ಇಂತಹ ಆಜ್ಞೆಗಳನ್ನು ತಡೆಯಲೆಂದೇ ಇದ್ದ ಪರಿಶೋಧಕ ತಂತ್ರಾಂಶವು ತನ್ನೊಳಗಿನ ದೋಷದಿಂದಾಗಿ ತಡೆಯಲಿಲ್ಲ. ಸಂಸ್ಥೆಯ ವಿಳಾಸಗಳನ್ನು ತಿಳಿಸುವ ಸರ್ವರುಗಳು ತಾವು ಕೇಂದ್ರದಿಂದ ಬೇರಾದುದನ್ನು ಕಂಡು, ರಚನೆಯಂತೆಯೇ, ತಮ್ಮ ಇರವನ್ನು ಪ್ರಪಂಚಕ್ಕೆ ಸಾರುವುದನ್ನು ನಿಲ್ಲಿಸಿಕೊಂಡವು. ರಿಪೇರಿಗೆ ಬೇಕಾದ ಒಳಗಿನ ಉಪಕರಣಗಳೂ ಅದೇ ಜಾಲವನ್ನು ನಂಬಿದ್ದುವಾದ್ದರಿಂದ ತಂತ್ರಜ್ಞರು ಕೇಂದ್ರಗಳಿಗೆ ಸ್ವತಃ ಹೋಗಬೇಕಾಯಿತು. ಕಟ್ಟುನಿಟ್ಟಾದ ಕಾವಲಿದ್ದ ಆ ಕಟ್ಟಡಗಳನ್ನು ಹೊಕ್ಕು ಯಂತ್ರಗಳನ್ನು ಮುಟ್ಟುವುದಕ್ಕೇ ಬಹಳ ಹೊತ್ತು ಹಿಡಿಯಿತು. ಸೇವೆಯು ಸುಮಾರು ಆರು ಗಂಟೆಗಳ ಕಾಲ ನಿಂತಿತ್ತು.

ಆ ಸಂಸ್ಥೆ ಅಭ್ಯಾಸ ಮಾಡದೆ ಇದ್ದುದಲ್ಲ. ‘ಸ್ಟಾರ್ಮ್’, ಅಂದರೆ ಬಿರುಗಾಳಿ, ಎಂಬ ಹೆಸರಿನಿಂದ ಇಡೀ ಕೇಂದ್ರಗಳನ್ನೇ ನಿಲ್ಲಿಸಿ ನೋಡುವ ಪರೀಕ್ಷೆಗಳು ಅಲ್ಲಿ ಬಹುಕಾಲದಿಂದ ನಡೆಯುತ್ತಿದ್ದುವು. ಎಲ್ಲ ಯಂತ್ರಗಳನ್ನೂ ಒಮ್ಮೆಗೇ ಎಬ್ಬಿಸಿದರೆ ವಿದ್ಯುತ್ತಿನ ಏರಿಳಿತದಿಂದಲೂ ಜನರ ನುಗ್ಗಾಟದಿಂದಲೂ ಮತ್ತೆ ಕುಸಿಯುವ ಭಯವಿದ್ದಿತು. ಆ ದಿನ ಸೇವೆಗಳನ್ನು ಎಚ್ಚರದಿಂದ, ಭಾರವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಮತ್ತೆ ಆರಂಭಿಸಲು ನೆರವಾದುದು ಆ ಅಭ್ಯಾಸವೇ ಎಂದು ಸಂಸ್ಥೆಯ ತಂತ್ರಜ್ಞರು ಬಳಿಕ ಪ್ರಕಟಿಸಿದ ವರದಿಯಲ್ಲಿ ತಿಳಿಸಿದರು. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದ್ದಿತು: ಮುಖ್ಯ ಜಾಲವೇ ಇಲ್ಲವಾಗುವ ಬಿರುಗಾಳಿಯನ್ನು ಅವರು ಅದುವರೆಗೆ ಒಮ್ಮೆಯೂ ಎಬ್ಬಿಸಿ ನೋಡಿರಲಿಲ್ಲ.