ಗೃಹಪ್ರವೇಶದ ಮುಯ್ಯಿ ಅಸಲಿಗೇ ಸೇರಲಿ

ಗೃಹಪ್ರವೇಶಕ್ಕೆಂದು ಅಂಗಡಿಯಲ್ಲಿ ಕೊಳ್ಳುವ ಶುಭಾಶಯ ಪತ್ರಗಳಲ್ಲಿ ಅಡಿಪಾಯದ ಬಗ್ಗೆ ಒಂದು ಮಾತು ಆಗಾಗ ಕಾಣುತ್ತದೆ. ಪ್ರೀತಿಯೇ ಮನೆಯ ತಳಪಾಯ, ನಂಬಿಕೆಯೇ ಅದರ ಕಂಬ ಎನ್ನುವ ಧಾಟಿಯ ಮಾತು. ಅದನ್ನು ಬರೆದರೆ ತಪ್ಪೇನಿಲ್ಲ. ಆದರೆ ಮೊದಲ ಸ್ವಂತ ಮನೆಗೆ ಹೋಗುತ್ತಿರುವ ಸಂಬಳದ ಕುಟುಂಬಗಳಲ್ಲಿ ಬಹಳಷ್ಟು ಇಪ್ಪತ್ತು ವರ್ಷದ ಸಾಲ ಹೊತ್ತುಕೊಂಡೇ ಹೋಗುತ್ತವೆ. ಆ ಸಾಲದ ಮೊದಲ ಕೆಲವು ವರ್ಷಗಳಲ್ಲಿ ಅಸಲಿಗೆ ಎಷ್ಟು ಬಿತ್ತು ಎಂಬುದರ ಮೇಲೆ ಮುಂದಿನದೆಲ್ಲ ನಿಲ್ಲುತ್ತದೆ. ಹಾಗಾಗಿ ಪತ್ರದ ಜೊತೆ ದುಡ್ಡಿನ ಲಕೋಟೆಯನ್ನೂ ಕೊಡುವವರು ಹೀಗೆ ಬರೆಯಬೇಕೆಂಬುದು ನನ್ನ ವಾದ: “ಸ್ವಂತ ಮನೆಯ ಹೊಸ್ತಿಲು ದಾಟುತ್ತಿದ್ದೀರಿ, ಮನೆಮಂದಿಗೆಲ್ಲ ಒಳ್ಳೆಯದಾಗಲಿ. ಹಾಲು ಉಕ್ಕಲಿ, ಮಕ್ಕಳ ನಗು ತುಂಬಲಿ. ಪಾಯಕ್ಕೆ ಸುರಿದದ್ದು ಕಣ್ಣಿಗೆ ಕಾಣದು, ಗೋಡೆ ಅದನ್ನು ಮರೆಯದು. ಈ ಲಕೋಟೆಯಲ್ಲಿರುವುದು ನಿಮ್ಮ ಸಾಲದ ಅಸಲಿಗೆಂದೇ ಕೊಟ್ಟದ್ದು.” ಕೊನೆಯ ವಾಕ್ಯವೇ ಮುಖ್ಯ. ಅದು ಯಾಕೆ ಬೇಕು ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

40 ಲಕ್ಷ ರೂಪಾಯಿ ಸಾಲ, ಶೇ 8.5 ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು 34,713 ರೂಪಾಯಿ ಆಗುತ್ತದೆ. ಮೊದಲ ಕಂತಿನಲ್ಲಿ 28,333 ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಬೀಳುವುದು 6,380 ಮಾತ್ರ. ಒಂದು ಕಂತೂ ತಪ್ಪಿಸದೆ ಐದು ವರ್ಷ ಕಟ್ಟಿದ ಕುಟುಂಬ ಬ್ಯಾಂಕಿಗೆ ಒಟ್ಟು 20.83 ಲಕ್ಷ ಕೊಟ್ಟಿರುತ್ತದೆ. ಸಾಲ ಇಳಿದಿರುವುದು ಸುಮಾರು 4.75 ಲಕ್ಷ. ಇನ್ನೂ 35 ಲಕ್ಷಕ್ಕೂ ಹೆಚ್ಚು ಬಾಕಿ ಇರುತ್ತದೆ. ಕಂತಿನಲ್ಲಿ ಬಡ್ಡಿಗಿಂತ ಅಸಲಿನ ಪಾಲು ದೊಡ್ಡದಾಗುವ ಹೊತ್ತಿಗೆ ಹೆಚ್ಚುಕಡಿಮೆ ಹನ್ನೆರಡು ವರ್ಷ ಕಳೆದಿರುತ್ತದೆ. ಇದರಲ್ಲಿ ಬ್ಯಾಂಕಿನ ಮೋಸವೇನೂ ಇಲ್ಲ. ಬಾಕಿಯ ಮೇಲೆ ಬಡ್ಡಿ ಹಾಕುತ್ತಾರೆ, ಮೊದಲಿಗೆ ಬಾಕಿಯೇ ದೊಡ್ಡದು, ಅಷ್ಟೆ. ಆದರೆ ಇದೇ ಕಾರಣಕ್ಕೆ ಮೊದಲ ತಿಂಗಳಲ್ಲಿ ಅಸಲಿಗೆ ಬಿದ್ದ ಒಂದು ರೂಪಾಯಿ ಮಾಡುವ ಕೆಲಸವನ್ನು ಹದಿನೈದನೇ ವರ್ಷದ ರೂಪಾಯಿ ಮಾಡಲಾರದು.

ಎಷ್ಟು ವ್ಯತ್ಯಾಸ ಎಂದು ನೋಡಿ. ಇನ್ನೂರು ಮನೆಯವರು ಬಂದು ತಲಾ ಐನೂರು ರೂಪಾಯಿ ಮುಯ್ಯಿ ಮಾಡಿದರೆ ಒಂದು ಲಕ್ಷ ಸೇರುತ್ತದೆ. ಆ ಲಕ್ಷವನ್ನು ಸಾಲ ಶುರುವಾದ ಹೊತ್ತಿನಲ್ಲೇ ಅಸಲಿಗೆ ಕಟ್ಟಿ, ಕಂತನ್ನು ಮೊದಲಿನಷ್ಟೇ ಇಟ್ಟುಕೊಂಡರೆ 240 ಕಂತುಗಳ ಬದಲು 225ರಲ್ಲಿ ಸಾಲ ತೀರುತ್ತದೆ. ಉಳಿಯುವ ಹದಿನೈದು ಕಂತುಗಳ ಮೊತ್ತ ಸುಮಾರು 5.18 ಲಕ್ಷ. ಹಾಕಿದ ಲಕ್ಷವನ್ನು ಕಳೆದರೂ 4 ಲಕ್ಷದ ಮೇಲೆ ಉಳಿತಾಯ. ಅದೇ ಲಕ್ಷವನ್ನು ಹದಿನೈದು ವರ್ಷ ಕಂತು ಕಟ್ಟಿದ ಮೇಲೆ ಹಾಕಿದರೆ ತಪ್ಪುವುದು ನಾಲ್ಕು ಕಂತು ಮತ್ತು ಐದನೆಯದರ ಸ್ವಲ್ಪ ಭಾಗ. ಉಳಿತಾಯ ಐವತ್ತು ಸಾವಿರದ ಆಸುಪಾಸು. ಮಕ್ಕಳು ದೊಡ್ಡವರಾದ ಮೇಲೆ, ಸಂಬಳ ಏರಿದ ಮೇಲೆ ನೋಡಿಕೊಂಡರಾಯಿತು ಎಂದು ಮುಂದೂಡುವವರು ಈ ಎರಡು ಅಂಕಿಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು.

ಇಲ್ಲಿ ಹಲವರು ಎಡವುವ ಜಾಗ ಒಂದಿದೆ. ಅಸಲಿಗೆ ದುಡ್ಡು ಕಟ್ಟಲು ಹೋದಾಗ ಕಂತು ಇಳಿಸಬೇಕೋ, ಅವಧಿ ಇಳಿಸಬೇಕೋ ಎಂಬ ಪ್ರಶ್ನೆ ಬರುತ್ತದೆ. ಕಂತು ಇಳಿಸಿ ಎಂದರೆ ತಿಂಗಳಿಗೆ 868 ರೂಪಾಯಿ ಕಡಿಮೆಯಾಗುತ್ತದೆ, ಇಪ್ಪತ್ತು ವರ್ಷಕ್ಕೆ ಒಟ್ಟು 2.08 ಲಕ್ಷ. ಅವಧಿ ಇಳಿಸಿ ಎಂದರೆ 5.18 ಲಕ್ಷ. ತಿಂಗಳಿಗೆ ಎಂಟುನೂರು ಚಿಲ್ಲರೆ ಕೈಗೆ ಬಂದರೆ ಅದು ಸಂಸಾರದ ಖರ್ಚಿನಲ್ಲಿ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಶಾಖೆಗೆ ಹೋದಾಗ ಲಿಖಿತವಾಗಿಯೇ ಕೊಡಿ: ಈ ಮೊತ್ತವನ್ನು ಅಸಲಿಗೆ ಜಮಾ ಮಾಡಿ, ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ. ದುಡ್ಡು ಸಾಲದ ಖಾತೆಗೇ ಬೀಳಬೇಕು. ಕಂತು ಕಡಿತವಾಗುವ ಉಳಿತಾಯ ಖಾತೆಯಲ್ಲಿ ಹಾಕಿಟ್ಟರೆ ಅಸಲು ಒಂದು ಪೈಸೆಯೂ ಇಳಿಯುವುದಿಲ್ಲ. ಮುಂಗಡ ಕಂತು ಎಂದು ಬರೆದುಕೊಂಡರೂ ಅದೇ ಕತೆ. ಗೊತ್ತಾಗುವುದು ಹೇಗೆಂದರೆ, ಮುಂದಿನ ತಿಂಗಳ ಲೆಕ್ಕಪಟ್ಟಿಯಲ್ಲಿ ಅಸಲು ಬಾಕಿ ಲಕ್ಷದಷ್ಟು ಕುಸಿದಿರಬೇಕು, ಬಡ್ಡಿಯ ಕಾಲಂನಲ್ಲಿ ಸುಮಾರು 700 ರೂಪಾಯಿ ಕಡಿಮೆಯಾಗಿರಬೇಕು. ಆಗಿಲ್ಲವಾದರೆ ಅದೇ ವಾರ ಹೋಗಿ ಕೇಳಿ. ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ.

ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ ನನಗೆ ಸಹನೆ ತಪ್ಪಿಸುವ ಒಂದು ಸರಕು ಎದುರಿಗೆ ಬರುತ್ತದೆ. ಸಾಲ ಮಂಜೂರಾಗುವ ಹೊತ್ತಿಗೆ, ಸಹಿ ಹಾಕಬೇಕಾದ ಕಾಗದಗಳ ನಡುವೆ ಒಂದೇ ಕಂತಿನ ಸಾಲರಕ್ಷಣೆ ವಿಮೆಯ ಅರ್ಜಿಯನ್ನೂ ಸೇರಿಸಿ, ಪ್ರೀಮಿಯಂ ಅನ್ನು ಸಾಲಕ್ಕೇ ಕೂಡಿಸಿಬಿಡುತ್ತಾರೆ. ಕೈಯಿಂದ ಏನೂ ಕೊಡಬೇಕಾಗಿಲ್ಲ ಸಾರ್ ಎಂಬ ಮಾತು ಜೊತೆಗಿರುತ್ತದೆ. ಪ್ರೀಮಿಯಂ ಒಂದು ಲಕ್ಷವಾದರೆ ಇನ್ನೂರು ಜನ ಕೊಟ್ಟ ಮುಯ್ಯಿ ಅಲ್ಲಿಗೆ ಸರಿಹೋಯಿತು. ಇಪ್ಪತ್ತು ವರ್ಷದಲ್ಲಿ ಅದಕ್ಕೆ ಕಟ್ಟುವುದು ಎರಡು ಲಕ್ಷದ ಮೇಲೆ. ಸಾಮಾನ್ಯವಾಗಿ ಈ ಪಾಲಿಸಿಗಳಲ್ಲಿ ಸಾಲ ಇಳಿದಂತೆ ವಿಮೆಯ ಮೊತ್ತವೂ ಇಳಿಯುತ್ತದೆ. ದುಡಿಯುವವರ ಮೇಲೆ ವಿಮೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ವರ್ಷವರ್ಷ ಕಟ್ಟುವ ಸಾದಾ ಟರ್ಮ್ ಪಾಲಿಸಿ ಇದೆ. ಸಾಲ ಬೇಗ ತೀರಿದರೂ, ಬೇರೆ ಬ್ಯಾಂಕಿಗೆ ಹೋದರೂ ಅದು ಕುಟುಂಬದ ಜೊತೆಗೇ ಇರುತ್ತದೆ. ಜೀವವಿಮೆ ಮಾಡಿಸಿದರೆ ಮಾತ್ರ ಗೃಹಸಾಲ ಎಂಬ ಸರ್ಕಾರಿ ನಿಯಮ ಯಾವುದೂ ಇಲ್ಲ. ಕೌಂಟರಿನಲ್ಲಿ ಯಾರಾದರೂ ಹಾಗೆಂದರೆ ಬರೆದುಕೊಡಿ ಎಂದು ಕೇಳಿ.

ಈಗ ಆಕ್ಷೇಪಗಳು. ಮುಯ್ಯಿ ಎಂದರೆ ದಾನವಲ್ಲ, ಹಿಂದಿರುಗಿಸಬೇಕಾದ ಋಣ, ಅದನ್ನು ಬ್ಯಾಂಕಿಗೆ ಸುರಿದರೆ ನಾಳೆ ಅವರ ಮನೆ ಕಾರ್ಯಕ್ಕೆ ಏನು ಕೊಡುವುದು ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಪುಸ್ತಕದಲ್ಲಿ ಹೆಸರು ಬರೆದು, ಒಂದು ಕೈ ಮೇಲೆಯೇ ಹಿಂದಿರುಗಿಸುವುದು ನಮ್ಮ ರೂಢಿ. ಆದರೆ ಆ ಋಣ ಒಂದೇ ದಿನ ತೀರಿಸುವಂಥದ್ದಲ್ಲ. ಈ ವರ್ಷ ಒಬ್ಬರ ಮಗಳ ಮದುವೆ, ಇನ್ನೆರಡು ವರ್ಷಕ್ಕೆ ಮತ್ತೊಬ್ಬರ ನಾಮಕರಣ, ಹೀಗೆ ಐನೂರು, ಸಾವಿರವಾಗಿ ವರ್ಷಗಟ್ಟಲೆ ಹರಿದುಹೋಗುತ್ತದೆ, ಅದಕ್ಕೆ ತಿಂಗಳ ಬಡ್ಡಿಯೂ ಇಲ್ಲ. ಬಡ್ಡಿಯಿಲ್ಲದ, ದೀರ್ಘಾವಧಿಯ ಇಂಥ ಹಣದಿಂದ ಶೇ 8.5ರ ಸಾಲವನ್ನು ಕಡಿಮೆ ಮಾಡುವುದಕ್ಕಿಂತ ಒಳ್ಳೆಯ ಉಪಯೋಗ ನನಗೆ ತೋಚುವುದಿಲ್ಲ. ಇನ್ನು ಕೆಲವರ ಮನೆಯಲ್ಲಿ ಆ ದುಡ್ಡು ಮೊದಲೇ ಅಡುಗೆ ಕಂಟ್ರಾಕ್ಟರಿಗೆ, ಶಾಮಿಯಾನದವರಿಗೆ ಮಾತಾಗಿಹೋಗಿರುತ್ತದೆ. ತೊಂದರೆಯ ಬೇರು ಇಲ್ಲಿದೆ. ಎಷ್ಟು ಮುಯ್ಯಿ ಬರಬಹುದೆಂದು ಊಹಿಸಿ ಊಟದ ಎಲೆಗಳ ಲೆಕ್ಕ ಹಾಕಿದವರು, ಕಡಿಮೆ ಬಿದ್ದಾಗ ಗೃಹಸಾಲಕ್ಕಿಂತ ದುಬಾರಿ ಬಡ್ಡಿಯ ವೈಯಕ್ತಿಕ ಸಾಲ ತೆಗೆಯಬೇಕಾಗುತ್ತದೆ. ಕೈಯಲ್ಲಿರುವ ದುಡ್ಡಿಗೆ ತಕ್ಕಷ್ಟೇ ಜನರನ್ನು ಕರೆಯುವುದು ಅವಮಾನವಲ್ಲ. ಹೊಸ ಮನೆಯ ಒಲೆಯ ಮೇಲೆ ಹಾಲು ಉಕ್ಕಿಸಲು ಐನೂರು ಎಲೆಯ ಊಟ ಬೇಕಿಲ್ಲ.

ಎಸ್‌ಐಪಿಯಲ್ಲಿ ಹಾಕಿದರೆ ಶೇ 12 ಬರುತ್ತದಲ್ಲ ಎನ್ನುವವರಿದ್ದಾರೆ. ಬಂದರೂ ಬರಬಹುದು, ಬಾರದೆಯೂ ಇರಬಹುದು; ಬಂದ ಲಾಭಕ್ಕೆ ತೆರಿಗೆಯೂ ಉಂಟು. ಅಸಲಿಗೆ ಹಾಕಿದ ದುಡ್ಡು ಉಳಿಸುವ ಶೇ 8.5ಕ್ಕೆ ತೆರಿಗೆಯಿಲ್ಲ, ಮಾರುಕಟ್ಟೆ ಬಿದ್ದಿತೆಂಬ ಚಿಂತೆಯಿಲ್ಲ. ಬಡ್ಡಿ ಕಟ್ಟಿದರೆ ತೆರಿಗೆ ಉಳಿಯುತ್ತದೆ ಎಂಬ ಮಾತೂ ಈ ಕುಟುಂಬಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಮೊದಲ ವರ್ಷದ ಬಡ್ಡಿಯೇ ಸುಮಾರು 3.37 ಲಕ್ಷ. ವಾಸದ ಮನೆಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಸಿಗುವ ಕಡಿತ 2 ಲಕ್ಷಕ್ಕೆ ನಿಂತುಬಿಡುತ್ತದೆ, ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ಒಂದು ಆಕ್ಷೇಪವನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಅಸಲಿಗೆ ಹೋದ ದುಡ್ಡು ಆಪತ್ತಿಗೆ ಮರಳಿ ಬರುವುದಿಲ್ಲ. ಮುಂಗಡ ಹಣ, ನೋಂದಣಿ, ಮುದ್ರಾಂಕ ಶುಲ್ಕ ಎಂದು ಇದ್ದದ್ದನ್ನೆಲ್ಲ ಬಳಿದು ಕೊಟ್ಟಿರುವ ಕುಟುಂಬದ ಬಳಿ ಆರು ಕಂತಿನಷ್ಟು ಹಣ, ಅಂದರೆ ಎರಡು ಲಕ್ಷದಷ್ಟು, ಇಲ್ಲದಿದ್ದರೆ ಮೊದಲು ಅದನ್ನು ಠೇವಣಿಯಲ್ಲಿಡಲಿ. ಅಂಥವರಿಗೆ ಲಕೋಟೆ ಕೊಡುವವರು ‘ಸಾಲದ ಅಸಲಿಗೆ’ ಎನ್ನುವಲ್ಲಿ ‘ಆಪತ್ಕಾಲದ ಗಂಟಿಗೆ’ ಎಂದು ಬರೆದರಾಯಿತು.

ಪತ್ರ ಬರೆಯುವವರಿಗೂ ಪಡೆಯುವವರಿಗೂ ತಿಳಿದಿರಬೇಕಾದ ಇನ್ನೊಂದು ವಿಷಯ ಆದಾಯ ತೆರಿಗೆಯದು. ಮದುವೆಯ ಉಡುಗೊರೆಗೆ ತೆರಿಗೆಯಿಲ್ಲ. ಗೃಹಪ್ರವೇಶಕ್ಕೆ ಆ ವಿನಾಯಿತಿ ಇಲ್ಲ. ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿ, ಚಿಕ್ಕಪ್ಪ, ಸೋದರಮಾವ, ಸೋದರತ್ತೆ ಇವರು ಕೊಟ್ಟದ್ದಕ್ಕೆ ಎಷ್ಟಾದರೂ ತೆರಿಗೆ ಇಲ್ಲ. ಆದರೆ ಗೆಳೆಯರು, ಆಫೀಸಿನವರು, ಕಾನೂನಿನ ಪಟ್ಟಿಯಲ್ಲಿಲ್ಲದ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಂಥವರು ಕೊಟ್ಟದ್ದು ಒಬ್ಬರಿಗೆ ಒಂದು ವರ್ಷದಲ್ಲಿ ಒಟ್ಟು 50,000 ದಾಟಿದರೆ, ದಾಟಿದ ಭಾಗವಷ್ಟೇ ಅಲ್ಲ, ಪೂರ್ತಿ ಮೊತ್ತ ಆದಾಯಕ್ಕೆ ಸೇರುತ್ತದೆ. ಆದ್ದರಿಂದ ಮುಯ್ಯಿ ಪುಸ್ತಕದಲ್ಲಿ ಹೆಸರಿನ ಮುಂದೆ ಸಂಬಂಧವನ್ನೂ, ದುಡ್ಡು ಗಂಡನ ಕೈಗೆ ಕೊಟ್ಟದ್ದೋ ಹೆಂಡತಿಯ ಕೈಗೋ ಎಂಬುದನ್ನೂ ಬರೆದಿಡಬೇಕು. ಲಕೋಟೆಯ ಮೇಲೆ ಯಾರ ಹೆಸರಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಶುಭ ದಿನದಂದು ಸಾಲದ ಸುದ್ದಿ ಎತ್ತುವುದು ಸರಿಯೇ ಎಂದು ಹಿರಿಯರು ಕೇಳಬಹುದು. ಸಾಲವಿದೆ ಎಂಬುದು ಅಲ್ಲಿ ಊಟಕ್ಕೆ ಕೂತವರಿಗೆಲ್ಲ ಗೊತ್ತಿರುವ ಸಂಗತಿ. ಗೊತ್ತಿದ್ದೂ ಐದನೆಯ ಗೋಡೆ ಗಡಿಯಾರವನ್ನೋ, ಬೀರುವಿನಲ್ಲೇ ಉಳಿಯುವ ಗಾಜಿನ ಲೋಟದ ಪೆಟ್ಟಿಗೆಯನ್ನೋ ಹೊತ್ತುಕೊಂಡು ಹೋಗುತ್ತೇವೆ. ಎಲ್ಲರೆದುರು ಓದುವ ಪತ್ರದಲ್ಲಿ ಆ ವಾಕ್ಯ ಮುಜುಗರ ಎನಿಸಿದರೆ ಹಾರೈಕೆಯನ್ನೂ ಪಾಯದ ಮಾತನ್ನೂ ಪತ್ರದಲ್ಲೇ ಬಿಟ್ಟು, ಅಸಲಿನ ವಾಕ್ಯವನ್ನು ಲಕೋಟೆಯ ಒಳಗೆ ಒಂದು ಚೀಟಿಯಲ್ಲಿ ಬರೆದಿಡಿ. ಅತಿಥಿಗಳೆಲ್ಲ ಹೋದ ಮೇಲೆ ಗಂಡ ಹೆಂಡತಿ ಕೂತು ಲಕೋಟೆ ಒಡೆಯುತ್ತಾರೆ. ಆ ದುಡ್ಡು ಎಲ್ಲಿಗೆ ಹೋಗಬೇಕೆಂಬುದು ತೀರ್ಮಾನವಾಗುವುದೂ ಆಗಲೇ.